ಅನಾಟಮಿ ವೈವಾ: ಹ್ಯೂಮರಸ್ ಕೈಗೆ ಬಂದರೆ ಏನು ಮಾಡಬೇಕು?

ಏಪ್ರನ್, ಸಹಿಯಾದ ರೆಕಾರ್ಡ್, ಹಾಲ್ ಟಿಕೆಟ್ ಹಿಂದಿನ ರಾತ್ರಿಯೇ ಚೀಲದಲ್ಲಿರಲಿ. ಎಂಬಿಬಿಎಸ್ ಮೊದಲ ವರ್ಷದವರು ಎಡವುವುದು ಅಲ್ಲಲ್ಲ, ಮೂಳೆಯ ಮೇಜಿನಲ್ಲಿ. ಅದೂ ಮೂಳೆ ಹಿಡಿಯುವ ರೀತಿಯಲ್ಲಿಯೇ. ತೋಳಿನ ಮೂಳೆ ಹ್ಯೂಮರಸ್ಸನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಮೂಳೆ ಕೈಗೆ ಬಂದ ಕೂಡಲೇ ಬಾಯಿ ತೆರೆಯಬೇಡಿ. ಗುಂಡಗಿನ ತಲೆ ಮೇಲಕ್ಕಿರಲಿ. ಕೆಳತುದಿಯಲ್ಲಿ ಮುಂದೆಯೂ ಹಿಂದೆಯೂ ಗುಳಿಗಳಿವೆ. ಅವುಗಳಲ್ಲಿ ಹೆಚ್ಚು ಆಳವಾದದ್ದು ಓಲೆಕ್ರಾನನ್ ಫಾಸಾ, ಅದು ಹಿಂದಕ್ಕಿರಬೇಕು. ಅಂದರೆ ಎದೆಯ ಮುಂದೆ ಹಿಡಿದಾಗ ಆ ಗುಳಿ ನಿಮ್ಮನ್ನೇ ನೋಡುತ್ತಿರಬೇಕು. ಆಗ ತಲೆ ನಿಮ್ಮ ಎಡಕ್ಕೆ ತಿರುಗಿದ್ದರೆ ಅದು ಬಲತೋಳಿನ ಮೂಳೆ, ಬಲಕ್ಕೆ ತಿರುಗಿದ್ದರೆ ಎಡತೋಳಿನದು. ಅನುಮಾನವಿದ್ದರೆ ನಿಮ್ಮದೇ ತೋಳಿನ ಪಕ್ಕ ಇಟ್ಟು ನೋಡಿ, ಅದಕ್ಕೆ ಯಾರೂ ಅಂಕ ಕಳೆಯುವುದಿಲ್ಲ. ಹೆಚ್ಚಿನವರು ಮಾಡುವ ತಪ್ಪು ಒಂದೇ: ಎಕ್ಸಾಮಿನರ್‌ಗೆ ಚೆನ್ನಾಗಿ ಕಾಣಲಿ ಎಂದು ಮೂಳೆಯನ್ನು ಅವರತ್ತ ತಿರುಗಿಸುತ್ತಾರೆ, ಅಲ್ಲಿಗೆ ಎಡಬಲ ಅದಲುಬದಲು. ಸೈಡ್ ತಪ್ಪಿದರೆ ಮುಂದೆ ಹೇಳುವ ಒಳಬದಿ, ಹೊರಬದಿ ಎಲ್ಲವೂ ತಪ್ಪುತ್ತದೆ.

ಮೊದಲ ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳಿ: ‘ಇದು ಬಲಗಡೆಯ ಹ್ಯೂಮರಸ್, ತಲೆ ಮೇಲಕ್ಕೆ, ಒಳಕ್ಕೆ ತಿರುಗಿದೆ, ಓಲೆಕ್ರಾನನ್ ಫಾಸಾ ಹಿಂದಕ್ಕಿದೆ.’ ಇದನ್ನು ಹೇಳುವುದು ಇಂಗ್ಲಿಷಿನಲ್ಲೇ ಆದ್ದರಿಂದ ಅಭ್ಯಾಸವೂ ಇಂಗ್ಲಿಷಿನಲ್ಲಿ, ದನಿ ತೆಗೆದು ಆಗಬೇಕು. ಮನಸ್ಸಿನಲ್ಲೇ ಓದಿಕೊಂಡದ್ದು ಮೇಜಿನ ಮುಂದೆ ಬಾಯಿಗೆ ಬರುವುದಿಲ್ಲ.

ಎಕ್ಸಾಮಿನರ್ ಪೆನ್ಸಿಲ್ ತುದಿಯನ್ನು ಮೂಳೆಯ ನಡುಭಾಗದ ಹಿಂದಕ್ಕೆ ತಾಗಿಸಿ, ‘ಇಲ್ಲೇನಮ್ಮ ಇದೆ?’ ಎನ್ನುತ್ತಾರೆ. ‘ರೇಡಿಯಲ್ ನರ್ವ್’ ಎಂದು ನಿಲ್ಲಿಸಬೇಡಿ. ಒಂದು ಕ್ರಮ ಇಟ್ಟುಕೊಳ್ಳಿ: ಜಾಗದ ಹೆಸರು, ಅಲ್ಲಿ ಹಾದುಹೋಗುವುದು, ಅಕ್ಕಪಕ್ಕ, ಪೆಟ್ಟಾದರೆ ಏನು.

‘ಇದು ಸ್ಪೈರಲ್ ಗ್ರೂವ್ ಸರ್. ಇದರಲ್ಲಿ ರೇಡಿಯಲ್ ನರ್ವ್, ಜೊತೆಗೆ ಪ್ರೊಫಂಡಾ ಬ್ರೇಕಿಯೈ ರಕ್ತನಾಳಗಳು. ಮೇಲೆ ಟ್ರೈಸೆಪ್ಸ್‌ನ ಲ್ಯಾಟರಲ್ ಹೆಡ್, ಕೆಳಗೆ ಮೀಡಿಯಲ್ ಹೆಡ್. ಇಲ್ಲಿ ಮೂಳೆ ಮುರಿದು ನರಕ್ಕೆ ಪೆಟ್ಟಾದರೆ ರಿಸ್ಟ್ ಡ್ರಾಪ್.’

ಮುಂದಿನ ಪ್ರಶ್ನೆ ಎಲ್ಲರನ್ನೂ ಕೆಡವುವುದು: ‘ಹಾಗಾದರೆ ಮೊಣಕೈ ನೀಟಲು ಆಗುತ್ತದಾ?’ ಆಗುತ್ತದೆ. ಟ್ರೈಸೆಪ್ಸ್‌ನ ಲಾಂಗ್ ಹೆಡ್‌ಗೆ, ಮೀಡಿಯಲ್ ಹೆಡ್‌ಗೆ ಕವಲುಗಳು ಗ್ರೂವ್‌ಗೂ ಮೊದಲೇ, ಕಂಕುಳಿನಲ್ಲೇ ಹೊರಟಿರುತ್ತವೆ. ಊರುಗೋಲು ಕಂಕುಳಲ್ಲಿ ಒತ್ತಿ ನರ ಕೆಟ್ಟರೆ ಮಾತ್ರ ನೀಟುವ ಶಕ್ತಿಯೂ ಹೋಗುತ್ತದೆ. ಈ ವ್ಯತ್ಯಾಸವನ್ನು ನೀವಾಗಿಯೇ ಹೇಳಿದರೆ ಎಕ್ಸಾಮಿನರ್ ಮುಖ ತುಸು ಸಡಿಲವಾಗುತ್ತದೆ.

ಇದೇ ಕ್ರಮದಲ್ಲಿ ಸರ್ಜಿಕಲ್ ನೆಕ್‌ಗೆ ಆಕ್ಸಿಲರಿ ನರ್ವ್, ಮೀಡಿಯಲ್ ಎಪಿಕಾಂಡೈಲ್ ಹಿಂದೆ ಅಲ್ನಾರ್ ನರ್ವ್ ತಯಾರಾಗಿರಲಿ. ಹ್ಯೂಮರಸ್ಸಿಗೆ ಇವು ಮೂರೇ ಮುಖ್ಯ.

ನೆನಪಿಡಿ, ನೀವು ಉಚ್ಚರಿಸುವ ಪ್ರತಿ ಹೆಸರೂ ಮುಂದಿನ ಪ್ರಶ್ನೆ. ಕ್ವಾಡ್ರಾಂಗ್ಯುಲರ್ ಸ್ಪೇಸ್‌ನ ಗಡಿಗಳು ಬಾರದಿದ್ದರೆ ಆ ಹೆಸರು ಎತ್ತಲೇಬೇಡಿ.

ಅಗ್ಗದ ಪ್ಲಾಸ್ಟಿಕ್ ಮೂಳೆಯ ಮೇಲೆ ಕಲಿಯುವುದು ದುಡ್ಡು ದಂಡ. ಅದರಲ್ಲಿ ಸ್ಪೈರಲ್ ಗ್ರೂವ್ ನುಣುಪಾಗಿ ಮಾಯವಾಗಿರುತ್ತದೆ, ನ್ಯೂಟ್ರಿಯೆಂಟ್ ಫೊರಾಮೆನ್ ಅಂತೂ ಇರುವುದೇ ಇಲ್ಲ. ನಿಜವಾದ ಮೂಳೆಯಲ್ಲೂ ಗ್ರೂವ್ ಕಣ್ಣಿಗಿಂತ ಬೆರಳಿಗೇ ಬೇಗ ಸಿಗುತ್ತದೆ, ಹಾಗಾಗಿ ಕಣ್ಣು ಮುಚ್ಚಿ ಸವರಿ ಅಭ್ಯಾಸ ಮಾಡಿ. ಇಬ್ಬರು ಎದುರುಬದುರು ಕುಳಿತು, ಒಬ್ಬರು 3 ನಿಮಿಷ ಕೇಳುವುದು, ಇನ್ನೊಬ್ಬರು ಹೇಳುವುದು. 10 ಸಲ ಓದಿದ್ದಕ್ಕಿಂತ ಇದು ಮೇಲು. ತೋರಿಸುವುದಕ್ಕೆ ಬೆರಳಿಡೀ ಬಳಸಬೇಡಿ, ಮೊಂಡಾದ ಕಡ್ಡಿಯ ತುದಿ ಇಡಿ. ಬೆರಳಡಿ ನಾಲ್ಕು ಭಾಗಗಳು ಬಂದುಬಿಡುತ್ತವೆ.

ಇನ್ನು ನಡುಕ. ಕೈ ನಡುಗಿದರೆ ಮೂಳೆಯ ಕೆಳತುದಿಯನ್ನು ಎಡ ಅಂಗೈ ಮೇಲೆ ಊರಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳಿ. ಅರ್ಧ ನಡುಕ ಅಲ್ಲೇ ನಿಲ್ಲುತ್ತದೆ. ತಲೆ ಖಾಲಿಯಾದರೆ ಕಣ್ಣನ್ನು ಎಕ್ಸಾಮಿನರ್ ಮುಖದಿಂದ ಮೂಳೆಗೆ ಇಳಿಸಿ, ಕಾಣುತ್ತಿರುವುದನ್ನು ಹೇಳಲು ಶುರುಮಾಡಿ: ‘ಇಲ್ಲಿ ಒಂದು ಒರಟು ಜಾಗವಿದೆ, ಹೊರಬದಿಗೆ...’ ಅಷ್ಟರಲ್ಲಿ ಡೆಲ್ಟಾಯ್ಡ್ ಟ್ಯೂಬರಾಸಿಟಿ ನೆನಪಿಗೆ ಬರಬಹುದು. ಬರದಿದ್ದರೆ ‘ಗೊತ್ತಿಲ್ಲ ಸರ್’ ಎಂದುಬಿಡಿ. ಸುಮ್ಮನೆ ನಿಂತರೆ ಗೊತ್ತಿರುವ ಪ್ರಶ್ನೆಗೆ ಇದ್ದ ಸಮಯವೂ ಕರಗುತ್ತದೆ.

ಸರಿಯಾದ ಉತ್ತರಕ್ಕೂ ಕೆಲವರು ಹುಬ್ಬೇರಿಸಿ ‘ಗ್ಯಾರಂಟಿನಾ?’ ಎನ್ನುತ್ತಾರೆ. ಅಲ್ಲಿ ಗಾಬರಿಯಾಗಿ ಬಲಗಡೆಯದನ್ನು ಎಡಗಡೆಯದು ಮಾಡುವವರೇ ಬಹಳ. ಉತ್ತರ ಬದಲಿಸಬೇಡಿ, ಕಾರಣ ಹೇಳಿ: ‘ಹೌದು ಸರ್, ಆಳದ ಗುಳಿ ಹಿಂದಿದೆ, ತಲೆ ಒಳಕ್ಕಿದೆ.’