ವೇಯ್ಟ್‌ಲಿಸ್ಟ್ ಆಗಿದ್ರೆ ಅಡ್ಮಿಷನ್ಸ್ ಆಫೀಸಿಗೆ ಮೇಲ್ ಬರೆಯೋದು ಹೇಗೆ?

ಮಾರ್ಚ್ ತಿಂಗಳು ಬಂತು ಅಂದ್ರೆ ಅಮೆರಿಕಾಗೆ ಎಂಎಸ್ ಅಪ್ಲೈ ಮಾಡಿರೋ ಹುಡುಗ ಹುಡುಗೀರು ತಾವು ಬರೆದ ಮೇಲ್‌ಗಳನ್ನ ನನಗೆ ತೋರಿಸ್ತಾರೆ, ಅದನ್ನ ಓದಿದ್ರೆ ನಿಜವಾಗ್ಲೂ ಸಂಕಟ ಆಗತ್ತೆ. ಒಳ್ಳೆ ಮಾರ್ಕ್ಸ್ ಇರತ್ತೆ, ಒಳ್ಳೆ ಪ್ರಾಜೆಕ್ಟ್ ಇರತ್ತೆ, ಆದ್ರೆ ವೇಯ್ಟ್‌ಲಿಸ್ಟ್ ಅಂತ ಪತ್ರ ಬಂದ ತಕ್ಷಣ ಗಾಬರಿ ಆಗಿ "ರೆಸ್ಪೆಕ್ಟೆಡ್ ಸರ್, ನನ್ನ ಪೊಸಿಷನ್ ಎಷ್ಟು, ದಯವಿಟ್ಟು ಸೀಟ್ ಕೊಡಿ" ಅಂತ ಎರಡು ಸಾಲು ಕಳಿಸಿಬಿಡ್ತಾರೆ. ಇಲ್ಲಾಂದ್ರೆ ಎರಡು ಪುಟ ತಮ್ಮ ಕಷ್ಟ ಹೇಳ್ಕೊಂಡಿರ್ತಾರೆ. ಎರಡರಿಂದ್ಲೂ ಕೆಲಸ ಆಗಲ್ಲ.

ಮೊದಲು ಬಂದಿರೋ ಪತ್ರಾನ ಪೂರ್ತಿ ಓದಿ. ತುಂಬಾ ಕಡೆ ವೇಯ್ಟ್‌ಲಿಸ್ಟ್‌ನಲ್ಲಿ ಇರ್ತೀನಿ ಅಂತ ಪೋರ್ಟಲ್‌ನಲ್ಲಿ ನೀವೇ ಒಪ್ಪಿಗೆ ಕೊಡ್ಬೇಕು, ಅದಕ್ಕೊಂದು ಕೊನೇ ದಿನ ಇರತ್ತೆ. ಅದನ್ನ ಒತ್ತದೇ ಎಷ್ಟು ಚೆಂದದ ಮೇಲ್ ಬರೆದ್ರೂ ನಿಮ್ಮ ಹೆಸರು ಲಿಸ್ಟಲ್ಲಿ ಇರಲ್ಲ. ಅದೇ ಪತ್ರದಲ್ಲಿ "ಹೆಚ್ಚುವರಿ ದಾಖಲೆ ಕಳಿಸ್ಬೇಡಿ" ಅಂತ ಇದೆಯಾ ನೋಡಿ. ಇದ್ರೆ ಕಳಿಸ್ಬೇಡಿ, ಅಷ್ಟೇ. ನಮ್ಮದೊಂದು ಸ್ಪೆಷಲ್ ಕೇಸ್ ಅಂತ ಯಾರೂ ಅಂದ್ಕೋಬೇಡಿ, ಹೇಳಿದ್ದನ್ನ ಓದದವರು ಅಂತ ಗುರುತಾಗತ್ತೆ.

ಆಮೇಲೆ ಯಾರಿಗೆ ಬರೀಬೇಕು ಅನ್ನೋದು. ಎಂಎಸ್ ವಿಷಯದಲ್ಲಿ ತೀರ್ಮಾನ ಸಾಮಾನ್ಯವಾಗಿ ಡಿಪಾರ್ಟ್‌ಮೆಂಟ್‌ದು, ಹಾಗಾಗಿ ಪತ್ರದಲ್ಲಿ ಬೇರೆ ವಿಳಾಸ ಕೊಟ್ಟಿಲ್ಲ ಅಂದ್ರೆ ಆ ಪ್ರೋಗ್ರಾಮ್‌ನ ಗ್ರಾಜುಯೇಟ್ ಕೋಆರ್ಡಿನೇಟರ್‌ಗೆ ಬರೀರಿ. ಒಬ್ಬರಿಗೆ ಮಾತ್ರ. ಆರು ಜನ ಪ್ರೊಫೆಸರ್‌ಗಳನ್ನ ಸಿಸಿಗೆ ಹಾಕೋದು ಬೇಡ್ವೇ ಬೇಡ. ಅಪ್ಲಿಕೇಶನ್ ಹಾಕಿದ ಅದೇ ಮೇಲ್ ಐಡಿಯಿಂದ, ನೀವೇ ಬರೀಬೇಕು. ಅಪ್ಪನ ಮೇಲಿಂದಲೋ ಕನ್ಸಲ್ಟೆನ್ಸಿಯವರ ಮೇಲಿಂದಲೋ ಹೋದ್ರೆ ಬೇರೆಯವರ ಜೊತೆ ನಿಮ್ಮ ಅಪ್ಲಿಕೇಶನ್ ವಿಷಯ ಮಾತಾಡಲ್ಲ ಅಂತಾನೇ ಉತ್ತರ ಬರೋ ಸಾಧ್ಯತೆ ಜಾಸ್ತಿ. ಸಬ್ಜೆಕ್ಟ್ ಲೈನ್ ಹೀಗಿದ್ರೆ ಸಾಕು, ಕೊನೆಗೆ ನಿಮ್ಮ ಪೂರ್ತಿ ಹೆಸರು, ಅಪ್ಲಿಕೇಶನ್ ನಂಬರ್ ಸೇರಿಸಿ:

```
Waitlist update - MS Computer Science, Fall
```

ವಾರದ ದಿನ ನಮ್ಮ ಟೈಮ್ ಸಂಜೆ ಏಳಕ್ಕೆ ಕಳಿಸಿದ್ರೆ ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಅಮೆರಿಕಾದ ಪೂರ್ವ ಕರಾವಳೀಲಿ ಬೆಳಿಗ್ಗೆ ಒಂಬತ್ತೂವರೆ ಆಗಿರತ್ತೆ, ಆಫೀಸಲ್ಲಿ ಜನ ಇರ್ತಾರೆ.

ಈಗ ಪೊಸಿಷನ್ ಕೇಳೋ ವಿಷಯ. ನಮಗೆ ರೈಲ್ವೆ ಟಿಕೆಟ್ ಅಭ್ಯಾಸ, ಡಬ್ಲ್ಯುಎಲ್ 14 ಅಂದ್ರೆ ನಮ್ಮ ಮುಂದೆ ಹದಿಮೂರು ಜನ ಕಾಯ್ತಿದಾರೆ ಅಂತ ಲೆಕ್ಕ ಹಾಕ್ತೀವಿ. ಅಡ್ಮಿಷನ್ ವೇಯ್ಟ್‌ಲಿಸ್ಟ್ ತುಂಬಾ ಕಡೆ ಹಾಗೆ ಕೆಲಸ ಮಾಡಲ್ಲ. ಆಫರ್ ಸಿಕ್ಕವರಲ್ಲಿ ಯಾರು ಬೇಡ ಅಂದ್ರು ಅನ್ನೋದು ಗೊತ್ತಾದ ಮೇಲೆ ಕಮಿಟಿ ಆ ಗುಂಪನ್ನೆಲ್ಲ ಮತ್ತೆ ನೋಡಿ, ಯಾವ ವಿಷಯದಲ್ಲಿ ಜಾಗ ಖಾಲಿ ಆಗಿದೆ, ಯಾರು ಅದಕ್ಕೆ ಹೊಂದ್ತಾರೆ ಅಂತ ಆರಿಸ್ಕೊಳತ್ತೆ. ಆದ್ದರಿಂದ ಎಷ್ಟೋ ಕಡೆ ಕೊಡೋದಕ್ಕೆ ನಂಬರ್ರೇ ಇರಲ್ಲ. "ನನ್ನ ರ‍್ಯಾಂಕ್ ಎಷ್ಟು" ಅಂತ ನೇರವಾಗಿ ಕೇಳಿದ್ರೆ "ಹೇಳಕ್ಕಾಗಲ್ಲ" ಅಂತ ಒಂದು ಸಾಲಲ್ಲಿ ಮುಗಿಯತ್ತೆ, ನಿಮಗೆ ಏನೂ ಸಿಗಲ್ಲ.

ಕೇಳೋ ರೀತೀನೇ ಬದಲಾಯಿಸಿ. ನಿಮ್ಮ ವೇಯ್ಟ್‌ಲಿಸ್ಟ್ ರ‍್ಯಾಂಕ್ ಪ್ರಕಾರ ಇದೆಯಾ, ಇದ್ದು ಅದನ್ನ ಹೇಳೋ ಪದ್ಧತಿ ಇದ್ರೆ ನನ್ನ ಸ್ಥಾನ ತಿಳಿಸ್ತೀರಾ ಅಂತ ಒಂದು ಪ್ರಶ್ನೆ. ವೇಯ್ಟ್‌ಲಿಸ್ಟ್‌ನಿಂದ ಆಫರ್ ಹೋಗೋದು ಸಾಮಾನ್ಯವಾಗಿ ಯಾವಾಗ ಶುರು ಆಗಿ ಯಾವಾಗ ಮುಗಿಯತ್ತೆ ಅಂತ ಎರಡನೇದು. ಹೊಸ ದಾಖಲೆ ತಗೋತೀರಾ, ತಗೊಂಡ್ರೆ ಪೋರ್ಟಲ್‌ಗೆ ಹಾಕ್ಬೇಕಾ ಮೇಲಲ್ಲಿ ಕಳಿಸ್ಬೇಕಾ ಅಂತ ಮೂರನೇದು. ಪತ್ರದಲ್ಲೇ ಉತ್ತರ ಇರೋದನ್ನ ಮಾತ್ರ ಬಿಟ್ಬಿಡಿ. ನನ್ನ ಪ್ರಕಾರ ಎರಡನೇ ಪ್ರಶ್ನೆನೇ ಎಲ್ಲಕ್ಕಿಂತ ಮುಖ್ಯ, ಯಾಕಂದ್ರೆ ನಿಮ್ಮ ವೀಸಾ, ಲೋನ್, ಇನ್ನೊಂದು ಕಾಲೇಜಿನ ಸೀಟು ಎಲ್ಲಾ ತಾರೀಖಿನ ಮೇಲೆ ನಿಂತಿರತ್ತೆ.

ಇಲ್ಲೀವರೆಗಿನದು ಸುಲಭ. ಎಲ್ಲರೂ ಕೆಡಿಸ್ಕೊಳ್ಳೋದು ಅಪ್‌ಡೇಟ್ ಪ್ಯಾರಾದಲ್ಲಿ, ಅಂದ್ರೆ ಅಪ್ಲೈ ಮಾಡಿದ ಮೇಲೆ ಏನು ಹೊಸದಾಯ್ತು ಅನ್ನೋ ಭಾಗದಲ್ಲಿ. ಒಂದು ಉದಾಹರಣೆ ಇಟ್ಕೊಳ್ಳೋಣ. ಮೈಸೂರು ಕಡೆ ವಿಟಿಯು ಕಾಲೇಜೊಂದ್ರಲ್ಲಿ ಕಂಪ್ಯೂಟರ್ ಸೈನ್ಸ್ ಓದೋ ಹುಡುಗಿ ಡಿಸೆಂಬರ್ 15ಕ್ಕೆ ಅಪ್ಲಿಕೇಶನ್ ಹಾಕಿದ್ಲು, ಆಗ ಆರು ಸೆಮ್ ಮಾರ್ಕ್ಸ್ ಮಾತ್ರ ಇತ್ತು, ಸಿಜಿಪಿಎ 8.1. ಮೊದಲ ವರ್ಷದ ಗಣಿತದಲ್ಲಿ ಮಾರ್ಕ್ಸ್ ಕಮ್ಮಿ. ಈಗ ಏಳನೇ ಸೆಮ್ ರಿಸಲ್ಟ್ ಬಂದಿದೆ, ಎಸ್‌ಜಿಪಿಎ 9.3, ಅದ್ರಲ್ಲಿ ಮಷೀನ್ ಲರ್ನಿಂಗ್‌ಗೆ ಟಾಪ್ ಗ್ರೇಡ್. ಫೈನಲ್ ಇಯರ್ ಪ್ರಾಜೆಕ್ಟ್ ಹಳೇ ಕನ್ನಡ ಕೈಬರಹದ ದಾಖಲೆ ಓದೋ ಸಾಫ್ಟ್‌ವೇರ್, ಅಪ್ಲಿಕೇಶನ್ ಹಾಕುವಾಗ ಅದು ಬರೀ ಪ್ಲಾನ್ ಆಗಿತ್ತು.

ಅವಳು ಮೊದ್ಲು ಬರೆಯೋದು ಹೀಗಿರತ್ತೆ: "ಡಿಸೆಂಬರ್‌ನಿಂದ ನಾನು ತುಂಬಾ ಹಾರ್ಡ್ ವರ್ಕ್ ಮಾಡಿದೀನಿ, ನನ್ನ ಸ್ಕಿಲ್ಸ್ ಬಹಳ ಇಂಪ್ರೂವ್ ಆಗಿದೆ, ನಿಮ್ಮ ವಿಶ್ವಪ್ರಸಿದ್ಧ ಯೂನಿವರ್ಸಿಟೀಲಿ ಓದೋದು ನನ್ನ ಬಾಲ್ಯದ ಕನಸು." ಇದನ್ನ ಓದಿದ ಕಮಿಟಿಗೆ ಒಂದೂ ಹೊಸ ಸಂಗತಿ ಸಿಕ್ಕಲ್ಲ, ಇದನ್ನ ಯಾರ ಹೆಸರಲ್ಲಿ ಬೇಕಾದ್ರೂ ಕಳಿಸ್ಬಹುದು.

ತಿದ್ದೋಕೆ ದಾರಿ ಇದು. ನಿಮ್ಮ ಅಪ್ಲಿಕೇಶನ್ ತೆಗೆದು ಕಮಿಟಿಯವರ ಕಣ್ಣಲ್ಲಿ ಓದಿ, ಎಲ್ಲಿ ಅನುಮಾನ ಬರತ್ತೆ ಅಂತ ಹುಡುಕಿ. ಈ ಹುಡುಗಿ ವಿಷಯದಲ್ಲಿ ಅದು ಗಣಿತ, ಗೊತ್ತಾಗ್ತಿದೆ. ಆಮೇಲೆ ಹೊಸದಾಗಿ ನಡೆದದ್ರಲ್ಲಿ ಯಾವುದು ಆ ಅನುಮಾನಕ್ಕೆ ಉತ್ತರ ಕೊಡತ್ತೋ ಅದನ್ನ ಮೊದಲು ಬರೀರಿ. ಅವಳು ಹೀಗೆ ಬರೆದ್ರೆ ಸಾಕು: "ಏಳನೇ ಸೆಮಿಸ್ಟರ್ ರಿಸಲ್ಟ್ ಬಂದಿದೆ, ಎಸ್‌ಜಿಪಿಎ 9.3, ಒಟ್ಟು ಸಿಜಿಪಿಎ 8.1 ಇದ್ದದ್ದು ಈಗ ಸುಮಾರು 8.3. ಸ್ಟ್ಯಾಟಿಸ್ಟಿಕ್ಸ್ ಮೇಲೆ ನಿಂತಿರೋ ಮಷೀನ್ ಲರ್ನಿಂಗ್ ಕೋರ್ಸಲ್ಲಿ ಅತಿ ಹೆಚ್ಚಿನ ಗ್ರೇಡ್ ಬಂದಿದೆ. ಅಪ್ಲಿಕೇಶನ್‌ನಲ್ಲಿ ಪ್ಲಾನ್ ಅಂತ ಹೇಳಿದ್ದ ಪ್ರಾಜೆಕ್ಟ್ ಈಗ ಓಡ್ತಿದೆ, ಸಾವಿರ ಪುಟ ಸ್ಕ್ಯಾನ್ ಮೇಲೆ ಟೆಸ್ಟ್ ಮಾಡಿದ್ವಿ, ಅಕ್ಷರ ತಪ್ಪೋ ಪ್ರಮಾಣ 18%ನಿಂದ 11%ಗೆ ಇಳಿದಿದೆ, ಅದ್ರಲ್ಲಿ ಮಾಡೆಲ್ ಟ್ರೇನಿಂಗ್ ಭಾಗ ನಾನು ಮಾಡಿದ್ದು." ಇಷ್ಟೇ ಸಾಕು. ಹಳೇ ಗಣಿತದ ಮಾರ್ಕ್ಸ್‌ಗೆ ಕ್ಷಮೆ ಕೇಳೋದೂ ಬೇಡ, ಅದನ್ನ ಎತ್ತೋದೂ ಬೇಡ, ಓದೋರು ತಾವೇ ಜೋಡಿಸ್ಕೋತಾರೆ. ಟೀಮ್ ಪ್ರಾಜೆಕ್ಟ್ ಆಗಿದ್ರೆ ನಿಮ್ಮ ಪಾಲು ಯಾವುದು ಅನ್ನೋದನ್ನ ಮಾತ್ರ ಖಂಡಿತ ಹೇಳಿ, ನಾಲ್ಕು ಜನ ಸೇರಿ ಮಾಡಿದ್ದನ್ನ ಒಬ್ಬರೇ ಮಾಡಿದ ಹಾಗೆ ಬರೀಬೇಡಿ.

ಮಾರ್ಕ್ಸನ್ನ 4ರ ಸ್ಕೇಲ್‌ಗೆ ನೀವೇ ಪರಿವರ್ತನೆ ಮಾಡ್ಬೇಡಿ, ಮಾರ್ಕ್ಸ್ ಕಾರ್ಡಲ್ಲಿ ಹೇಗಿದೆಯೋ ಹಾಗೇ ಬರೀರಿ. ಆನ್‌ಲೈನಲ್ಲಿ ಸಿಗೋ ಸಿಜಿಪಿಎ ಕನ್ವರ್ಟರ್‌ಗಳು ಒಂದೊಂದು ಒಂದೊಂದು ನಂಬರ್ ಕೊಡತ್ವೆ, ನಂಬೋ ಹಾಗಿಲ್ಲ. ರಿಸಲ್ಟ್ ಪೇಜಿನ ಸ್ಕ್ರೀನ್‌ಶಾಟ್ ಬದಲು ಕಾಲೇಜಿಂದ ಸೀಲ್ ಹಾಕಿಸಿದ ಮಾರ್ಕ್ಸ್ ಶೀಟಿನ ಪಿಡಿಎಫ್ ಒಂದೇ ಫೈಲಲ್ಲಿ ಕಳಿಸಿ.

ಹೊಸದು ಅಂತ ಏನು ಹಾಕ್ಬಾರ್ದು ಅನ್ನೋದನ್ನೂ ಹೇಳ್ಬೇಕು. ದುಡ್ಡು ಕಟ್ಟಿದ್ರೆ ಎರಡೇ ದಿನದಲ್ಲಿ ಪೇಪರ್ ಪಬ್ಲಿಷ್ ಮಾಡ್ತೀವಿ ಅಂತ ವಾಟ್ಸಾಪಲ್ಲಿ ಬರೋ ಜರ್ನಲ್‌ಗಳಿವೆಯಲ್ಲ, ದಯವಿಟ್ಟು ಅದಕ್ಕೆ ಕೈ ಹಾಕ್ಬೇಡಿ. ಕಮಿಟೀಲಿ ಕೂತಿರೋರು ದಿನಾ ಪೇಪರ್ ಓದೋ ಪ್ರೊಫೆಸರ್‌ಗಳು, ಸರಿಯಾಗಿ ರಿವ್ಯೂ ಆಗದ ಜರ್ನಲ್ ಅವರಿಗೆ ಹೆಸರಲ್ಲೇ ತಿಳಿಯತ್ತೆ, ಆಮೇಲೆ ನಿಮ್ಮ ನಿಜವಾದ ಪ್ರಾಜೆಕ್ಟ್ ಮೇಲೂ ಅನುಮಾನ ಬರತ್ತೆ. ಒಂದು ವಾರದ ಆನ್‌ಲೈನ್ ಕೋರ್ಸ್ ಸರ್ಟಿಫಿಕೇಟ್‌ಗಳ ಕಟ್ಟಾನೂ ಬೇಡ. ಟೆಲಿಗ್ರಾಮ್‌ನಲ್ಲಿ ಮಾರೋ ರೆಡಿಮೇಡ್ ವೇಯ್ಟ್‌ಲಿಸ್ಟ್ ಲೆಟರ್‌ಗಳಂತೂ ಬೇಡವೇ ಬೇಡ, ಅದೇ ಸಾಲುಗಳು ಅದೇ ಆಫೀಸಿಗೆ ಬೇರೆ ಹೆಸರಲ್ಲೂ ಹೋಗಿರತ್ವೆ.

ಇನ್ನೊಂದು ಎಲ್‌ಒಆರ್, ಅಂದ್ರೆ ಶಿಫಾರಸು ಪತ್ರ, ಕಳಿಸ್ಲಾ ಅಂತ ಕೇಳ್ತಾರೆ. ಅವರು ತಗೋತೀವಿ ಅಂದ್ರೆ ಮಾತ್ರ, ಅದೂ ಒಂದೇ. ಮೊದಲ ಮೂವರು ಹೇಳದೇ ಇದ್ದದ್ದನ್ನ ಹೇಳೋರಿಂದ ಇರ್ಬೇಕು, ಉದಾಹರಣೆಗೆ ಈಗ ಇಂಟರ್ನ್‌ಶಿಪ್ ಮಾಡ್ತಿರೋ ಕಡೆ ನಿಮ್ಮ ಕೋಡ್ ನೋಡಿರೋ ಸೀನಿಯರ್. ಪ್ರಿನ್ಸಿಪಾಲರು ಎಷ್ಟು ದೊಡ್ಡವರಾದ್ರೂ ನಿಮ್ಮ ಕೆಲಸ ಹತ್ತಿರದಿಂದ ನೋಡಿಲ್ಲ ಅಂದ್ರೆ ಅವರ ಪತ್ರದಿಂದ ಏನೂ ಆಗಲ್ಲ. ಜಿಆರ್‌ಇ ಮತ್ತೆ ಬರೆಯೋರು ದಿನದ ಲೆಕ್ಕ ಹಾಕ್ಬೇಕು, ಹಿಂದಿನ ಪರೀಕ್ಷೆ ಆಗಿ 21 ದಿನ ಕಳೀಬೇಕು, ಸ್ಕೋರ್ ಬರೋಕೆ ಎಂಟ್ಹತ್ತು ದಿನ ಬೇಕು. ಆ ಪ್ರೋಗ್ರಾಮ್ ಜಿಆರ್‌ಇ ನೋಡೋದೇ ಇಲ್ಲ ಅಂತಾದ್ರೆ ಆ ದುಡ್ಡು, ಟೈಮು ಉಳಿಸ್ಕೊಳ್ಳಿ.

ಸೀಟ್ ಕೊಟ್ರೆ ಖಂಡಿತ ಬರ್ತೀನಿ ಅನ್ನೋ ಸಾಲು ಒಬ್ಬರಿಗೆ ಮಾತ್ರ, ನಿಜವಾಗಿದ್ರೆ ಮಾತ್ರ ಬರೀರಿ. ಯಾಕೆ ಅನ್ನೋದಕ್ಕೆ ಒಂದೇ ಗಟ್ಟಿ ಕಾರಣ ಸಾಕು, ಈ ಹುಡುಗಿಗಾದ್ರೆ ಅಲ್ಲಿ ಕೈಬರಹ ಗುರುತಿಸೋ ಕೆಲಸ ಮಾಡ್ತಿರೋ ಲ್ಯಾಬ್. "ಡು ದ ನೀಡ್‌ಫುಲ್" ತೆಗೆದುಹಾಕಿ, ಕೊನೆಗೆ ಥ್ಯಾಂಕ್ಸ್ ಹೇಳಿ. ಎಲ್ಲಾ ಸೇರಿ ಇನ್ನೂರು, ಇನ್ನೂರೈವತ್ತು ಪದ ದಾಟ್ಬಾರ್ದು.

ಕಳಿಸಿದ ಮೇಲೆ ಸುಮ್ಮನಿರಿ. ಎರಡು ವಾರ ಉತ್ತರ ಬರ್ಲಿಲ್ಲ ಅಂದ್ರೆ ಅದೇ ಮೇಲ್‌ಗೆ ರಿಪ್ಲೈ ಮಾಡಿ ಒಂದ್ಸಲ ಕೇಳಿ, ಆಮೇಲೆ ನಿಜವಾಗ್ಲೂ ಹೊಸದೇನಾದ್ರೂ ಆದ್ರೆ ಮಾತ್ರ ಬರೀರಿ. ದಿನಾ ಫೋನ್ ಮಾಡ್ಬೇಡಿ.

ಈ ಮಧ್ಯೆ ಕೈಯಲ್ಲಿರೋ ಇನ್ನೊಂದು ಆಫರ್ ಬಿಡ್ಬೇಡಿ. ಆಫರ್‌ಗೆ ಉತ್ತರ ಕೊಡೋಕೆ ಏಪ್ರಿಲ್ 15ರವರೆಗೆ ಟೈಮ್ ಇದೆ ಅನ್ನೋದು ಎಲ್ಲರ ಬಾಯಲ್ಲೂ ಇರತ್ತೆ, ಆದ್ರೆ ಅಮೆರಿಕಾದ ಗ್ರಾಜುಯೇಟ್ ಸ್ಕೂಲ್‌ಗಳು ಒಪ್ಪಿಕೊಂಡಿರೋ ಆ ನಿಯಮ ಇರೋದು ಸ್ಕಾಲರ್‌ಶಿಪ್, ಅಸಿಸ್ಟೆಂಟ್‌ಶಿಪ್ ಥರ ಹಣದ ನೆರವು ಇರೋ ಆಫರ್‌ಗಳಿಗೆ. ಸ್ವಂತ ಖರ್ಚಿನ ಎಂಎಸ್‌ಗೆ ಕೊನೇ ದಿನ ಬೇರೆ ಇರ್ಬಹುದು, ನಿಮ್ಮ ಆಫರ್ ಲೆಟರಲ್ಲಿ ಇರೋದೇ ಲೆಕ್ಕ. ಆದ್ರೂ ತುಂಬಾ ಜನ ಆ ದಿನದ ಆಸುಪಾಸಲ್ಲೇ ತೀರ್ಮಾನ ಹೇಳೋದ್ರಿಂದ ವೇಯ್ಟ್‌ಲಿಸ್ಟ್ ಅಲುಗಾಡೋದೂ ಹೆಚ್ಚಾಗಿ ಅದಾದ್ಮೇಲೆನೇ. ಇನ್ನೊಂದು ಕಡೆ ಡೆಪಾಸಿಟ್ ಕಟ್ಟಿ ಸೀಟ್ ಹಿಡ್ಕೊಳ್ಳಿ, ಸಾಮಾನ್ಯವಾಗಿ ಆ ದುಡ್ಡು ವಾಪಸ್ ಬರಲ್ಲ ಅನ್ನೋದನ್ನ ಮನೇಲಿ ಮೊದಲೇ ಹೇಳಿಡಿ. ಅವರ ಐ-20, ಅಂದ್ರೆ ವೀಸಾಗೆ ಕಾಲೇಜು ಕೊಡೋ ಫಾರ್ಮ್, ಬಂದ್ರೆ ವೀಸಾ ಸ್ಲಾಟ್ ನೋಡೋಕೂ ಶುರು ಮಾಡಿ. ಮುಂದೆ ವೇಯ್ಟ್‌ಲಿಸ್ಟ್ ಕ್ಲಿಯರ್ ಆದ್ರೆ ಹೊಸ ಕಾಲೇಜಿನ ಐ-20 ಬೇರೆ ಸೆವಿಸ್ ನಂಬರಲ್ಲಿ, ಅಂದ್ರೆ ಅಮೆರಿಕಾ ಸರ್ಕಾರ ವಿದೇಶಿ ವಿದ್ಯಾರ್ಥಿಗಳ ಲೆಕ್ಕ ಇಡೋ ವ್ಯವಸ್ಥೆಯ ನಂಬರಲ್ಲಿ, ಬರತ್ತೆ, ಕಟ್ಟಿರೋ 350 ಡಾಲರ್ ಸೆವಿಸ್ ಫೀಯನ್ನ ಆ ನಂಬರಿಗೆ ವರ್ಗಾಯಿಸೋಕೆ ಫೀ ಕಟ್ಟಿದ ವೆಬ್‌ಸೈಟಲ್ಲೇ ಅವಕಾಶ ಇದೆ, ಇನ್ನೊಂದ್ಸಲ ಕಟ್ಬೇಡಿ. ಮತ್ತೆ ಅದೇ ದಿನ ಮೊದಲ ಕಾಲೇಜಿಗೆ ಬರಲ್ಲ ಅಂತ ಮೇಲ್ ಹಾಕಿ, ಅಲ್ಲೂ ವೇಯ್ಟ್‌ಲಿಸ್ಟಲ್ಲಿ ಯಾರೋ ಕಾಯ್ತಿರ್ತಾರೆ.