ಹಿಮ್ಮಡಿ ಬಿಡಲಿಲ್ಲ, ಹೆಜ್ಜೆಯಲ್ಲಿ ಐದು ಸೆಂಟಿಮೀಟರ್ ಬಿಟ್ಟೆ

"ಹಿಮ್ಮಡಿ ಊರಿ ಓಡೋದು ಬಿಡದೆ ನಿಮ್ಮ ಮಂಡಿನೋವು ಹೋಗಲ್ಲ ಸರ್." ನಮ್ಮ ಕಬ್ಬನ್ ಪಾರ್ಕ್ ಗುಂಪಿನಲ್ಲಿ ಈ ಮಾತು ಹೇಳದವರೇ ಇರಲಿಲ್ಲ. ನಾನು ಈಗಲೂ ಹಿಮ್ಮಡಿ ಊರಿಯೇ ಓಡುತ್ತೇನೆ. ಮಂಡಿನೋವಿಗೆ ಅಂತ ಒಂದು ದಿನವೂ ಓಟ ತಪ್ಪಿಸದೆ ಹದಿನಾಲ್ಕು ತಿಂಗಳಾಯಿತು. ನಡುವೆ ಒಂದು ಹಾಫ್ ಮ್ಯಾರಥಾನ್ ಕೂಡ ಮುಗಿಸಿದೆ.

ಮೊದಲು ನಾನೂ ಅವರ ಮಾತು ಕೇಳಿದ್ದೆ. ಎಂಟೂವರೆ ಸಾವಿರ ಕೊಟ್ಟು ತೆಳು ಅಟ್ಟೆಯ ಶೂ ತಂದೆ. ಮುಂಗಾಲು ಊರಿ ಓಡಲು ಶುರು ಮಾಡಿದೆ. ಎರಡೇ ವಾರದಲ್ಲಿ ಮಂಡಿನೋವು ನಿಜಕ್ಕೂ ಇಳಿಯಿತು. ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಮೂರನೇ ವಾರ ಮೀನಖಂಡ ಕಲ್ಲಿನ ಹಾಗಾಯಿತು. ಐದನೇ ವಾರ ಬೆಳಗ್ಗೆ ಮಂಚ ಇಳಿದು ಕಾಲಿಟ್ಟರೆ ಹಿಮ್ಮಡಿಯಿಂದ ಎರಡು ಬೆರಳು ಮೇಲೆ ಚಳಕು. ಬಾತ್‌ರೂಮಿಗೆ ಗೋಡೆ ಹಿಡಿದು ಹೋಗಬೇಕಿತ್ತು. ಅಕಿಲಿಸ್ ಸ್ನಾಯುರಜ್ಜು ಕೆಟ್ಟಿತ್ತು. ಫಿಸಿಯೋಗೆ ಸುಮಾರು ಏಳು ಸಾವಿರ ಹೋಯಿತು, ಎರಡು ತಿಂಗಳು ಓಟ ನಿಂತಿತು. ಪಾದ ಊರುವ ಜಾಗ ಬದಲಿಸಿದರೆ ಹೊರೆ ಮಾಯವಾಗುವುದಿಲ್ಲ. ಮಂಡಿಯಿಂದ ಇಳಿದು ಮೀನಖಂಡ, ಅಕಿಲಿಸ್ ಮೇಲೆ ಕೂರುತ್ತದೆ. ನನಗೆ ಆಗಿದ್ದು ಅದೇ.

ಆಮೇಲೆ ಕೇಡೆನ್ಸ್ ಹಿಡಿದೆ, ಅಂದರೆ ನಿಮಿಷಕ್ಕೆ ಎಷ್ಟು ಹೆಜ್ಜೆ ಅನ್ನೋ ಲೆಕ್ಕ. ಅಲ್ಲೂ ಎಡವಿದೆ. 180 ಅಂತ ಎಲ್ಲರೂ ಹೇಳುತ್ತಾರಲ್ವಾ? ಅದು ಕೋಚ್ ಜಾಕ್ ಡೇನಿಯಲ್ಸ್ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಓಟಗಾರರ ಹೆಜ್ಜೆ ಎಣಿಸಿದ್ದರಿಂದ ಬಂದ ಲೆಕ್ಕ. ಅವರು ಸ್ಪರ್ಧೆಯಲ್ಲಿ ಓಡುತ್ತಿದ್ದವರು. ನಾನು ಕಿಲೋಮೀಟರಿಗೆ ಆರೂವರೆ ನಿಮಿಷ ತಗೊಳ್ಳುವವನು. ಆ ವೇಗದಲ್ಲಿ 180 ಹಾಕಿದರೆ ಎದೆಬಡಿತ 152ರಿಂದ 163ರ ಹತ್ತಿರ ಹೋಯಿತು. ಪಕ್ಕದವರ ಜೊತೆ ಮಾತಾಡಲೂ ಉಸಿರಿರಲಿಲ್ಲ.

ದಾರಿ ತೋರಿಸಿದ್ದು ಇನ್ನೊಬ್ಬ ಫಿಸಿಯೋ. "ಪಾದದ ಗೊಡವೆಗೆ ಹೋಗಬೇಡಿ. ಈಗಿರೋ ಕೇಡೆನ್ಸ್ ಮೇಲೆ ಶೇಕಡಾ ಐದು ಏರಿಸಿ, ಸಾಕು" ಅಂದರು. ನನ್ನದು 158 ಇತ್ತು. 166 ಅಂತ ಇಟ್ಟುಕೊಂಡೆ. ಆರೂವರೆ ನಿಮಿಷದ ವೇಗದಲ್ಲಿ ನಿಮಿಷಕ್ಕೆ 154 ಮೀಟರ್ ಓಡುತ್ತೇವೆ. 158 ಹೆಜ್ಜೆಗೆ ಭಾಗಿಸಿದರೆ ಒಂದು ಹೆಜ್ಜೆ 97 ಸೆಂಟಿಮೀಟರ್. 166ಕ್ಕೆ ಭಾಗಿಸಿದರೆ 92–93. ಬದಲಾವಣೆ ಅಷ್ಟೇ. ಐದು ಸೆಂಟಿಮೀಟರಿಗೂ ಒಂಚೂರು ಕಮ್ಮಿ.

ಹಾಗಂತ ತಕ್ಷಣ ಕೈಗೂಡಲಿಲ್ಲ. ಫೋನಿನಲ್ಲಿ ಟಿಕ್ ಟಿಕ್ ಅಂತ ತಾಳ ಹಾಕುವ ಮೆಟ್ರೊನೋಮ್ 166ಕ್ಕೆ ಇಟ್ಟು ಹತ್ತು ದಿನ ಓಡಿದೆ, ಮಂಡಿ ಹಾಗೇ ನೋಯುತ್ತಿತ್ತು. ವಾಚ್ ನೋಡಿದರೆ ವೇಗ ಆರು ನಿಮಿಷ ಐದು ಸೆಕೆಂಡಿಗೆ ಏರಿತ್ತು. ಹೆಜ್ಜೆ ಜಾಸ್ತಿಯಾಗಿತ್ತು, ಆದರೆ ಉದ್ದ ಕುಗ್ಗಿರಲಿಲ್ಲ. ಎಲ್ಲರೂ ಬೀಳುವ ಗುಂಡಿ ಇದೇ. ಮರಗಳ ಕೆಳಗೆ ವಾಚಿನ ವೇಗ ನಂಬಲಿಕ್ಕಾಗಲ್ಲ ಅಂತ ಕಂಠೀರವದ ಟ್ರ್ಯಾಕಿಗೆ ಹೋದೆ. ಆರೂವರೆ ನಿಮಿಷದ ವೇಗಕ್ಕೆ ಅಲ್ಲಿ ಒಂದು ಸುತ್ತಿಗೆ 2 ನಿಮಿಷ 36 ಸೆಕೆಂಡ್. ಅದಕ್ಕಿಂತ ಬೇಗ ಬಂದರೆ ಆ ಸುತ್ತು ಲೆಕ್ಕಕ್ಕಿಲ್ಲ. ಮೆಟ್ರೊನೋಮ್ ಒಂದು ನಿಮಿಷ ಹಾಕಿ ಎರಡು ನಿಮಿಷ ತೆಗೆಯುತ್ತಿದ್ದೆ. ಆ ಎರಡು ನಿಮಿಷದಲ್ಲಿ ಬಲಗಾಲು ಮೂವತ್ತು ಸೆಕೆಂಡಿಗೆ ಎಷ್ಟು ಸಲ ಬೀಳುತ್ತದೆ ಅಂತ ಎಣಿಸಿ ನಾಲ್ಕರಿಂದ ಗುಣಿಸುತ್ತಿದ್ದೆ. ಸದ್ದಿಲ್ಲದಾಗಲೂ 164–166 ನಿಲ್ಲಲು ಆರು ವಾರ ಬೇಕಾಯಿತು. ಮೆಟ್ರೊನೋಮನ್ನು ಪೂರ್ತಿ ಬಿಡಿಸಿಕೊಳ್ಳಲು ನನ್ನದೇ ಒಂದು ಉಪಾಯ ಇದೆ. ಅದನ್ನು ಸದ್ಯಕ್ಕೆ ನಮ್ಮ ಗುಂಪಿನವರಿಗೆ ಮಾತ್ರ ಇಟ್ಟಿದ್ದೇನೆ.

ಗೆಳೆಯ ಪಕ್ಕದಿಂದ ತೆಗೆದ ಎರಡು ವಿಡಿಯೋ ಇವೆ. ಹಳೆಯದರಲ್ಲಿ ಮಂಡಿ ಹೆಚ್ಚುಕಮ್ಮಿ ನೆಟ್ಟಗೆ, ಹಿಮ್ಮಡಿ ಮಂಡಿಗಿಂತ ಮುಂದೆ ಹೋಗಿ ಬೀಳುತ್ತದೆ, ಶೂ ಮೂತಿ ಆಕಾಶ ನೋಡುತ್ತದೆ. ಹೊಸದರಲ್ಲೂ ಮೊದಲು ನೆಲ ಮುಟ್ಟುವುದು ಹಿಮ್ಮಡಿಯೇ. ಆದರೆ ಮಂಡಿ ಬಾಗಿದೆ, ಮೊಣಕಾಲ ಕೆಳಗಿನ ಮೂಳೆ ಬಹುತೇಕ ನೇರ ನಿಂತಿದೆ. ಟಪ್ ಟಪ್ ಅಂತಿದ್ದ ಸದ್ದೂ ತಗ್ಗಿದೆ.

ಹಾಡಿನ ತಾಳಕ್ಕೆ ಓಡಿಯೂ ನೋಡಿದೆ. ಕೇಡೆನ್ಸ್ ಸರಿ ಬಂತು, ಚರಣ ಬಂದ ಕೂಡಲೇ ವೇಗ ಏರಿತು. ಬಿಟ್ಟುಬಿಟ್ಟೆ.

ಇನ್ನು ದಮ್ಮು ಉಳಿಯಿತಾ ಅಂದರೆ, ಇಲ್ಲ. ಅದೇ ವೇಗಕ್ಕೆ ಮೊದಲ ವಾರಗಳಲ್ಲಿ ಎದೆಬಡಿತ ನಾಲ್ಕೈದು ಏರಿತು. ಎರಡು ತಿಂಗಳಿಗೆ ಹಳೆಯ 152ಕ್ಕೇ ಬಂದು ನಿಂತಿತು. ಅದಕ್ಕಿಂತ ಕೆಳಗೆ ಇಳಿಯಲಿಲ್ಲ. ಮುಂಗಾಲಿನಲ್ಲಿ ಓಡುತ್ತಿದ್ದಾಗಲೂ ಇಳಿದಿರಲಿಲ್ಲ. ವರ್ಷಗಟ್ಟಲೆ ಓಡಿದ ದೇಹ ತನಗೆ ಸಲೀಸಾದ ಹೆಜ್ಜೆಯ ಹತ್ತಿರವೇ ಇರುತ್ತದೆ. ನನಗೆ ಲಾಭ ಆಗಿದ್ದು ಮಂಡಿಗೆ ಮಾತ್ರ. ನಮ್ಮ ಗುಂಪಿನ ಒಬ್ಬರಿಗೆ ಅದೇ ವೇಗದಲ್ಲಿ ಮೊದಲೇ 174 ಇತ್ತು, ನೋವು ಮೀನಖಂಡದಲ್ಲಿ. ನನ್ನನ್ನು ನೋಡಿ ಅವರೂ ಏರಿಸಲು ಹೊರಟಿದ್ದರು, ಬೇಡ ಅಂದೆ.