ಸಲಾಕೆ ತಣ್ಣಗಿಲ್ಲ, ನಿಮ್ಮ ಬೆರಳು ತಣ್ಣಗಾಗುತ್ತಿದೆ

ಚಳಿಗಾಲ ಬಂದರೆ ಸಾಕು, ನಮ್ಮ ಮನೆಯ ಹುಡುಗಿಯರು ಸ್ಟೀಲ್ ಪಾತ್ರೆಯನ್ನು ಮುಟ್ಟಿ ಮುಖ ಸಿಂಡರಿಸುತ್ತಾರೆ. "ಅಜ್ಜಿ, ಪಾತ್ರೆ ಮಂಜುಗಡ್ಡೆಯಾಗಿದೆ, ಇದರಲ್ಲಿ ಹೆಪ್ಪು ಹಾಕಿದರೆ ಮೊಸರು ಆಗುವುದಿಲ್ಲ" ಎಂದು ಖಾಲಿ ಪಾತ್ರೆಯನ್ನೇ ಒಲೆಯ ಮೇಲಿಟ್ಟು ಕಾಯಿಸುತ್ತಾರೆ. ಆಮೇಲೆ ಹಾಲು ಸುರಿದು, ಆ ಬಿಸಿಗೇ ಹೆಪ್ಪು ಹಾಕಿ, ಬೆಳಿಗ್ಗೆ ನೀರು ಬಿಟ್ಟುಕೊಂಡ ಹಾಲನ್ನು ನನಗೆ ತಂದು ತೋರಿಸುತ್ತಾರೆ. ಇನ್ನೊಬ್ಬಳು ಖಾಲಿ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿಡುತ್ತಾಳೆ, ರಾತ್ರಿಯಿಡೀ ಬೆಚ್ಚಗಾಗಲಿ ಎಂದು. ಕಂಬಳಿ ಶಾಖವನ್ನು ಹುಟ್ಟಿಸುವುದಿಲ್ಲ, ಇರುವುದನ್ನು ಹೋಗಗೊಡುವುದಿಲ್ಲ, ಅಷ್ಟೇ. ಹಿಂದೆ ಮಂಜುಗಡ್ಡೆ ಕರಗದಿರಲಿ ಎಂದು ಮರದ ಹೊಟ್ಟಿನಲ್ಲಿ ಹೂತಿಡುತ್ತಿದ್ದದ್ದು ಇದಕ್ಕೇ. ಒಳಗೆ ಬಿಸಿಯೇ ಇಲ್ಲದ ಪಾತ್ರೆಗೆ ಕಂಬಳಿ ಹೊದಿಸಿ ಏನು ಪ್ರಯೋಜನ?

ಒಂದೇ ಅಡುಗೆಮನೆಯಲ್ಲಿ ರಾತ್ರಿ ಕಳೆದ ಕಬ್ಬಿಣದ ಸಲಾಕೆಯೂ ಮುದ್ದೆ ಕೋಲೂ ಬೆಳಿಗ್ಗೆ ಒಂದೇ ತಾಪದಲ್ಲಿರುತ್ತವೆ. ಗಾಳಿ 20 ಡಿಗ್ರಿ ಇದ್ದರೆ ಸಲಾಕೆಯೂ 20, ಕೋಲೂ 20. ಕೈಗೆ ಮಾತ್ರ ಹಾಗೆ ಅನಿಸುವುದಿಲ್ಲ, ಏಕೆಂದರೆ ನಮ್ಮ ಬೆರಳಿಗೆ ವಸ್ತುವಿನ ತಾಪ ತಿಳಿಯುವುದೇ ಇಲ್ಲ. ಬೆರಳಿಗೆ ತಿಳಿಯುವುದು ತನ್ನ ಚರ್ಮದ ತಾಪ, ಅದು ಎಷ್ಟು ಬೇಗ ಇಳಿಯುತ್ತಿದೆ ಎಂಬುದು.

ಲೆಕ್ಕ ಹೀಗಿದೆ. ಬೆಚ್ಚಗಿರುವ ಕೈಯ ಚರ್ಮ ಸುಮಾರು 33 ಡಿಗ್ರಿ ಇರುತ್ತದೆ. ಅದು 20 ಡಿಗ್ರಿಯ ಮುದ್ದೆ ಕೋಲನ್ನು ಹಿಡಿದಾಗ ಚರ್ಮದಿಂದ ಸ್ವಲ್ಪ ಶಾಖ ಕೋಲಿಗೆ ಹೋಗುತ್ತದೆ. ಮರ ಆ ಶಾಖವನ್ನು ಒಳಕ್ಕೆ ಸಾಗಿಸುವುದಿಲ್ಲ. ಬೆರಳ ಕೆಳಗಿನ ತೆಳು ಪದರವೇ ಬೆಚ್ಚಗಾಗುತ್ತದೆ, ಮುಟ್ಟಿದ ಜಾಗ ಸುಮಾರು 30ರಲ್ಲಿ ನಿಲ್ಲುತ್ತದೆ. ಕಬ್ಬಿಣ ಹಾಗಲ್ಲ. ಕೊಟ್ಟ ಶಾಖವನ್ನೆಲ್ಲ ಸಲಾಕೆಯ ಉದ್ದಕ್ಕೂ ಎಳೆದುಕೊಂಡು ಇನ್ನೂ ಬೇಕು ಎನ್ನುತ್ತದೆ. ಮುಟ್ಟಿದ ಕ್ಷಣದಲ್ಲೇ ಚರ್ಮದ ಮೇಲ್ಪದರ ಸುಮಾರು 21ಕ್ಕೆ ಇಳಿಯುತ್ತದೆ. ನೀವು "ತಣ್ಣಗೆ" ಎನ್ನುವುದು ಆ ಇಳಿತವನ್ನು. ಅಡುಗೆಮನೆಯ ಸ್ಟೀಲ್ ಮರಕ್ಕಿಂತ ಸುಮಾರು ನೂರು ಪಟ್ಟು ಸಲೀಸಾಗಿ ಶಾಖ ಸಾಗಿಸುತ್ತದೆ, ಸಾದಾ ಕಬ್ಬಿಣ ಅದಕ್ಕಿಂತಲೂ ಹೆಚ್ಚು, ತಾಮ್ರವಂತೂ ಸ್ಟೀಲಿನ ಇಪ್ಪತ್ತೈದು ಪಟ್ಟು.

ನಂಬುವುದಿಲ್ಲ ಎನ್ನುವವರಿಗೆ ನಾನು ಒಂದು ಪರೀಕ್ಷೆ ಮಾಡಿಸುತ್ತೇನೆ. ಅದನ್ನು ಅಚ್ಚುಕಟ್ಟಾಗಿ ಮಾಡಬೇಕು, ಅರೆಬರೆ ಮಾಡಿ ನನ್ನೊಡನೆ ವಾದಕ್ಕೆ ಬರಬೇಡಿ. ಹೆಬ್ಬೆರಳು ದಪ್ಪದ ಸಲಾಕೆಯನ್ನೂ ಹೆಚ್ಚುಕಡಿಮೆ ಅದೇ ದಪ್ಪದ ಕೋಲನ್ನೂ ತೆಗೆದುಕೊಳ್ಳಿ. ಎರಡೂ ಚೆನ್ನಾಗಿ ಒಣಗಿರಬೇಕು. ಕೋಲು ಒದ್ದೆಯಿದ್ದರೆ ನೀರು ಆರುತ್ತಾ ಶಾಖ ಕದಿಯುತ್ತದೆ, ಆಗ ಮರವೂ ತಣ್ಣಗೆ ಅನಿಸಿ ಪರೀಕ್ಷೆ ಕೆಡುತ್ತದೆ. (ಈ ಮಾತಿನ ನಡುವೆ ಹೇಳಿಬಿಡುತ್ತೇನೆ: ಮುದ್ದೆ ಕೋಲನ್ನು ಸಿಂಕಿನಲ್ಲಿ ನೆನೆಹಾಕಿ ಮಲಗಬೇಡಿ. ಮುದ್ದೆ ತಿರುವಿದ ಕೂಡಲೇ ತೊಳೆದು, ಒರೆಸಿ, ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿ. ನೆನೆದ ಕೋಲು ಸೀಳುತ್ತದೆ, ಸೀಳಿನಲ್ಲಿ ಹಿಟ್ಟು ಕೂತು ಹುಳಿ ವಾಸನೆ ಹಿಡಿಯುತ್ತದೆ.) ಎರಡನ್ನೂ ಒಂದು ಬಟ್ಟೆಯ ಮೇಲೆ, ಒಂದೇ ಮೂಲೆಯಲ್ಲಿ, ಒಲೆಯಿಂದಲೂ ಕಿಟಕಿಯಿಂದಲೂ ದೂರ, ರಾತ್ರಿಯಿಡೀ ಬಿಡಿ. ಬಿಸಿಲಿಗೆ ಇಡಬೇಡಿ, ಬಿಸಿಲಿನಲ್ಲಿ ಎರಡರ ತಾಪ ನಿಜಕ್ಕೂ ಬೇರೆಯಾಗಬಹುದು.

ಬೆಳಿಗ್ಗೆ ಮೊದಲು ಕೈ ಬೆಚ್ಚಗಾಗಲಿ. ಕಾಫಿ ಲೋಟವನ್ನು ಸ್ವಲ್ಪ ಹೊತ್ತು ಹಿಡಿದಿರಿ. ತಣ್ಣೀರಿನಲ್ಲಿ ಪಾತ್ರೆ ತೊಳೆದ ಕೈ ಆಗಲೇ ಗಾಳಿಯ ತಾಪಕ್ಕೆ ಹತ್ತಿರ ಬಂದಿರುತ್ತದೆ, ಅದಕ್ಕೆ ಎರಡೂ ಒಂದೇ ಆಗಿ ಕಾಣುತ್ತವೆ. ಆಮೇಲೆ ಎರಡು ಕೈಯಲ್ಲಿ ಎರಡನ್ನೂ ಒಟ್ಟಿಗೆ ಹಿಡಿದು, ನಂತರ ಕೈ ಬದಲಿಸಿ. ಕಬ್ಬಿಣ ಚುರುಕೆನ್ನುತ್ತದೆ, ಮರ ಸುಮ್ಮನಿರುತ್ತದೆ. ಅದು ನಿಮಗೆ ಗೊತ್ತಿರುವುದೇ. ಗೊತ್ತಿಲ್ಲದ್ದಕ್ಕೆ ಕೋಣೆಯ ತಾಪ ತೋರಿಸುವ ಥರ್ಮಾಮೀಟರ್ ಬೇಕು, ಜ್ವರ ನೋಡುವುದು ಅಷ್ಟು ಕೆಳಗಿನ ತಾಪ ತೋರಿಸುವುದಿಲ್ಲ. ಅದರ ತುದಿಯನ್ನು ಸಲಾಕೆಗೆ ದಾರದಿಂದ ಬಿಗಿದು, ಮೇಲೆ ಬಟ್ಟೆ ಸುತ್ತಿ, ಅರ್ಧ ಗಂಟೆ ಬಿಡಿ. ಆಮೇಲೆ ಕೋಲಿಗೂ ಹಾಗೆಯೇ. ಎರಡೂ ಒಂದೇ ಅಂಕೆ ಹೇಳುತ್ತವೆ. ದೂರದಿಂದ ಗುರಿಯಿಟ್ಟು ಒತ್ತುವ ಥರ್ಮಾಮೀಟರ್ ತಂದು ಹೊಳೆಯುವ ಸ್ಟೀಲಿಗೆ ಹಿಡಿಯಬೇಡಿ. ಹೊಳಪಿನ ಲೋಹ ಸುತ್ತಲಿನ ಶಾಖವನ್ನೇ ಪ್ರತಿಫಲಿಸುವುದರಿಂದ ಅಂಕೆ ತಪ್ಪುತ್ತದೆ. ಹಿಡಿಯಲೇಬೇಕಿದ್ದರೆ ಲೋಹಕ್ಕೆ ಒಂದು ತುಂಡು ಕಾಗದದ ಟೇಪು ಅಂಟಿಸಿ.

ಕೊನೆಗೆ ದೋಸೆಯ ದಪ್ಪ ಕಬ್ಬಿಣದ ಕಾವಲಿ ಮತ್ತು ಮರದ ಚಪಾತಿ ಮಣೆ ಪಕ್ಕಪಕ್ಕ ಇಟ್ಟು, ಒಂದೇ ಗಾತ್ರದ ಮಂಜುಗಡ್ಡೆಯನ್ನು ಒಂದೊಂದರ ಮೇಲೆ ಇಡಿ. ಯಾವುದು ಮೊದಲು ಕರಗುತ್ತದೆ ಎಂದು ಕೇಳಿ. ಎಲ್ಲರೂ ಮಣೆ ಎನ್ನುತ್ತಾರೆ, ಅದು "ಬೆಚ್ಚಗಿದೆ"ಯಲ್ಲ! ಕರಗುವುದು ಕಾವಲಿಯ ಮೇಲಿನದು, ನೋಡನೋಡುತ್ತಿದ್ದಂತೆ ಕೆಳಗೆ ನೀರಿನ ಉಂಗುರ ಬಿಟ್ಟು ಜಾರತೊಡಗುತ್ತದೆ. ಮಣೆಯದು ಕದಲದೆ ಕೂತಿರುತ್ತದೆ. ಕಾವಲಿ ತಣ್ಣಗಿದ್ದರೆ ಮಂಜುಗಡ್ಡೆ ಉಳಿಯಬೇಕಿತ್ತಲ್ಲ? ನಿಮ್ಮ ಬೆರಳಿನಿಂದ ಶಾಖ ಕಿತ್ತುಕೊಂಡ ಅದೇ ಗುಣದಿಂದ ಅದು ಈಗ ತನ್ನ ಮೈಯ ಶಾಖವನ್ನೆಲ್ಲ ಮಂಜುಗಡ್ಡೆಗೆ ಸಾಗಿಸುತ್ತಿದೆ.

ನಮ್ಮ ಅತ್ತೆ ಸಕಲೇಶಪುರದ ಚಳಿಯಲ್ಲಿ, ಬೆಳಗಿನ ಜಾವ, ಕೆಂಡ ಕೆದಕುವ ಸಲಾಕೆಯನ್ನು ಸೆರಗಿನ ತುದಿಯಲ್ಲಿ ಹಿಡಿಯುತ್ತಿದ್ದರು. ತುದಿ ಕಾದಾಗಲೂ ಅದೇ ಸೆರಗು. ಒಂದೇ ಬಟ್ಟೆ ಎರಡಕ್ಕೂ ಆಯಿತು, ಏಕೆಂದರೆ ಎರಡರಲ್ಲೂ ತಡೆಯಬೇಕಾದದ್ದು ಶಾಖದ ಓಡಾಟವನ್ನೇ. ಕುದಿಯುವ ಸಾರಿನಲ್ಲಿ ಸ್ಟೀಲ್ ಸೌಟು ಬಿಟ್ಟು ಆಚೆ ಹೋಗಿ ಮೊಬೈಲ್ ನೋಡುವವರು ಇದನ್ನು ಬೆರಳು ಸುಟ್ಟುಕೊಂಡು ಕಲಿಯುತ್ತಾರೆ.

ಇನ್ನು ಹೆಪ್ಪಿನ ವಿಷಯ. ಒಂದು ಲೀಟರ್ ಹಾಲು ಬೆರಳಿಟ್ಟರೆ ಹಿತವಾಗಿ ಬೆಚ್ಚಗೆ, ಅಂದರೆ 42 ಡಿಗ್ರಿಯಷ್ಟು ಇದೆ ಎನ್ನಿ. ಅದನ್ನು 20 ಡಿಗ್ರಿಯ, ಮುನ್ನೂರು ಗ್ರಾಂ ತೂಕದ ಸ್ಟೀಲ್ ಪಾತ್ರೆಗೆ ಸುರಿದರೆ ಹಾಲು ಒಂದು ಡಿಗ್ರಿಯೂ ಇಳಿಯುವುದಿಲ್ಲ. ತೆಳು ಸ್ಟೀಲಿಗೆ ಹೀರುವ ಶಕ್ತಿಯೇ ಅಷ್ಟಿಲ್ಲ. ಬೇಗ ಹೀರುವುದು ಬೇರೆ, ಹೆಚ್ಚು ಹೀರುವುದು ಬೇರೆ. ಮೊಸರು ಕೆಡುವುದು ಆಮೇಲೆ, ರಾತ್ರಿಯಿಡೀ ಪಾತ್ರೆಯ ಗೋಡೆಯಿಂದ ಶಾಖ ಗಾಳಿಗೆ ಸೋರಿಹೋದಾಗ. ಹಾಗಾಗಿ ಕಂಬಳಿಯನ್ನು ಹಾಲು ಸುರಿದು ಹೆಪ್ಪು ಬೆರೆಸಿದ ಮೇಲೆ ಸುತ್ತಿ. ಗ್ರಾನೈಟ್ ಕಟ್ಟೆಯ ಮೇಲೆ ನೇರವಾಗಿ ಇಡದೆ ಕೆಳಗೆ ಮಣೆ ಕೊಡಿ. ಕಲ್ಲು ದಪ್ಪಗಿದೆ, ಅದು ಹೀರುತ್ತಲೇ ಇರುತ್ತದೆ.

ಈ ಪರೀಕ್ಷೆಯನ್ನು ಕಲಬುರಗಿಯ ಮೇ ತಿಂಗಳಿನಲ್ಲಿ ಮಾಡಬೇಡಿ. ನೆರಳಿನಲ್ಲೇ 42 ಡಿಗ್ರಿ ಇರುವ ದಿನ ಸಲಾಕೆ ನಿಮ್ಮ ಕೈಗಿಂತ ಬಿಸಿ. ಆಗ ಶಾಖ ಅದರಿಂದ ಬೆರಳಿಗೆ ನುಗ್ಗುತ್ತದೆ, ಕಬ್ಬಿಣವೇ ಮರಕ್ಕಿಂತ ಬಿಸಿಯಾಗಿ ಕಾಣುತ್ತದೆ. ಗಾಳಿಯೂ ಚರ್ಮವೂ 33ರ ಹತ್ತಿರ ಸರಿಸಮವಾದ ದಿನ ಕಣ್ಣು ಮುಚ್ಚಿ ಹಿಡಿದರೆ ತಣ್ಣಗೆ ಬಿಸಿ ಎಂಬ ಭೇದವೇ ಇರುವುದಿಲ್ಲ, ಯಾವುದು ಸಲಾಕೆ ಎಂಬುದನ್ನು ತೂಕದಿಂದಲೇ ಹೇಳಬೇಕು.